ನಾಲ್ಕು ಬೆರಳಿನ ಗುರುತು

ತಗಡು ಒತ್ತುವ ಪ್ರೆಸ್ಸುಗಳಿಗೆಲ್ಲ ಬಿಳಿ ಬಟ್ಟೆ ಹೊದಿಸಿ ಗೋಡೆಯ ಪಕ್ಕಕ್ಕೆ ಕುರ್ಚಿ ಸಾಲು ಬರುವ ಹಾಗೆ ಜಾಗ ಮಾಡಿದ್ದರು. ದಿನವೂ ಕಿವಿ ಕಿವುಡಾಗುವಷ್ಟು ಬಡಿದುಕೊಳ್ಳುತ್ತಿದ್ದ ಶೆಡ್ಡಿನಲ್ಲಿ ಅಂದು ಕೆಮ್ಮಿದರೂ ಕೇಳುತ್ತಿತ್ತು.

"ಹೆಣಗಳಿಗೆ ಹೊದಿಸಿದ ಹಾಗಿದೆ ಅಲ್ವೇನಕ್ಕಾ?" ಎಂದಳು ರೇಡಿಯೋ.

ರೇಡಿಯೋ ಎಂಬುದು ಅವಳಿಗೆ ಶೆಡ್ಡಿನವರು ಇಟ್ಟ ಹೆಸರು. ಕಾರ್ಖಾನೆಯ ಯಾವ ಮೂಲೆಯಲ್ಲಿ ಏನು ನಡೆದರೂ ಮೊದಲು ಬಿತ್ತರವಾಗುತ್ತಿದ್ದುದು ಅವಳ ಬಾಯಿಂದ. ಪಕ್ಕದಲ್ಲಿ ಕೂತವಳು ಮುಚ್ಚಳದಕ್ಕ. ಸ್ಟೀಲ್ ಡಬ್ಬಿಗಳಿಗೆ ಮುಚ್ಚಳ ಒತ್ತುವ ಪ್ರೆಸ್ಸಿನಲ್ಲಿ ಹರೆಯವೆಲ್ಲ ಕಳೆದವಳು. ಈಗ ಅವಳನ್ನು ಪ್ಯಾಕಿಂಗ್ ಮೇಜಿಗೆ ಹಾಕಿದ್ದರು, ಡಬ್ಬಿಗೆ ಕಂಪನಿಯ ಸ್ಟಿಕ್ಕರ್ ಅಂಟಿಸುವ ಕೆಲಸ. ಹೆಸರು ಮಾತ್ರ ಮುಚ್ಚಳದಲ್ಲೇ ಉಳಿದಿತ್ತು. ಎಡಗೈಯನ್ನು ಅವಳು ಸಮವಸ್ತ್ರದ ಜೇಬಿನಲ್ಲಿ ಇಟ್ಟುಕೊಂಡೇ ಕೂತಿದ್ದಳು. ಆ ಕೈಯಲ್ಲಿ ತೋರುಬೆರಳು ಇರಲಿಲ್ಲ.

ಆ ಪ್ರೆಸ್ಸಿಗೆ ಎರಡು ಗುಂಡಿ. ಎರಡೂ ಕೈಯಿಂದ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಕೆಳಗಿಳಿಯಬೇಕು. ಕೈಗಳೆರಡೂ ಗುಂಡಿಯ ಮೇಲಿದ್ದರೆ ಅಚ್ಚಿನ ಕೆಳಗೆ ಇರಲಾರವಷ್ಟೆ. ಆದರೆ ಹಾಗೆ ಮಾಡಿದರೆ ಕೆಲಸ ನಿಧಾನ. ಆರ್ಡರಿನ ಮೇಲೆ ಆರ್ಡರು ಬಿದ್ದ ತಿಂಗಳಲ್ಲಿ ಮೇಸ್ತ್ರಿಯೇ ಬಂದು ಒಂದು ಗುಂಡಿಯನ್ನು ಟೇಪು ಸುತ್ತಿ ಅದುಮಿಟ್ಟ. "ಒಂದು ಕೈ ಗುಂಡಿಗೆ, ಒಂದು ಕೈ ತಗಡಿಗೆ. ಏನೂ ಆಗಲ್ಲ, ನಾನಿದೀನಿ," ಅಂದಿದ್ದ. ಆಯಿತು. ಅವನೂ ಅಲ್ಲೇ ಇದ್ದ.

ಆಸ್ಪತ್ರೆಗೆ ಕರೆದೊಯ್ದ ಕಂಪನಿಯ ಜನ, ಬೆರಳು ಮನೆಯ ಬಾಗಿಲಿಗೆ ಸಿಕ್ಕಿತು ಎಂದು ಹೇಳಿ ಬರೆಸಿದರು. ಅವಳಿಗೆ ಆಗ ಅರೆಪ್ರಜ್ಞೆ. ಎದ್ದ ಮೇಲೆ ಕಾರ್ಮಿಕ ಕಚೇರಿಗೆ ಅರ್ಜಿ ಹಾಕಿದಳು. ಕಂಪನಿ ಬಾಗಿಲನ್ನೇ ಹಿಡಿದು ನಿಂತಿತು. ಬೆರಳು ಪ್ರೆಸ್ಸಿಗೆ ಹೋಯಿತೆಂದು ಒಬ್ಬರಾದರೂ ಹೇಳಬೇಕಿತ್ತು. ಪಕ್ಕದ ಪ್ರೆಸ್ಸಿನಲ್ಲಿದ್ದವಳು ರೇಡಿಯೋ. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಆ ಕೈಗೆ ಸುತ್ತಿದವಳೂ ಅವಳೇ. ಅವಳು ಅತ್ತಳು. "ನಿನ್ನ ಕಾಲಿಗೆ ಬೀಳ್ತೀನಿ ಅಕ್ಕಾ, ನನ್ನ ಕರೀಬೇಡ. ನಂಗೂ ಹೊಟ್ಟೆ ಇದೆ," ಅಂದಳು. ಜಗವೆಲ್ಲ ಬಿತ್ತರಿಸುವ ರೇಡಿಯೋ ಅದೊಂದು ಸುದ್ದಿಯಲ್ಲಿ ಮೂಕಿ.

ವಿಚಾರಣೆ ಮುಂದಿನ ವಾರವಿತ್ತು. ಅರ್ಜಿ ಬಿದ್ದುಹೋದರೆ ಪರಿಹಾರವಂತಿರಲಿ, ಸುಳ್ಳು ಆಪಾದನೆ ಮಾಡಿದವಳೆಂದು ಕೆಲಸವೂ ಹೋಗುವುದೆಂದು ಕಂಪನಿಯ ವಕೀಲ ಮೊದಲೇ ತಿಳಿಸಿದ್ದ.

ಅಂದು ಶೆಡ್ಡಿನ ಬಾಗಿಲಲ್ಲಿ ಎಲ್ಲರ ಫೋನೂ ಇಸಿದುಕೊಂಡು ಟೋಕನ್ ಕೊಟ್ಟಿದ್ದರು. ಡಬ್ಬಿಗಳ ಮೇಲೆ ಬರಲಿದ್ದ ಕಂಪನಿಯ ಹೊಸ ಗುರುತನ್ನು ಮೊದಲು ಕೆಲಸಗಾರರು ನೋಡಬೇಕು, ನಾಳೆ ವ್ಯಾಪಾರಿಗಳು, ನಾಡಿದ್ದು ಪೇಟೆ. ಅಲ್ಲಿಯವರೆಗೆ ಒಂದು ಚಿತ್ರವೂ ಹೊರಗೆ ಹೋಗಬಾರದು. ಪ್ರತಿ ಕುರ್ಚಿಯ ಕೆಳಗೂ ಹೊಸ ಅಂಗಿಯಿದ್ದ ಒಂದು ಚೀಲ, ಹೇಳುವವರೆಗೆ ಬಿಚ್ಚುವಂತಿಲ್ಲ. ವೇದಿಕೆಯ ಎರಡು ಬದಿಗೆ ಕಂಪನಿ ಕರೆಸಿದ ಕ್ಯಾಮೆರಾಗಳು. ಪರದೆಯ ಪಕ್ಕದಲ್ಲಿ ಪ್ರಚಾರದ ಮೇಡಂ ಭಾಷಣದ ಪ್ರತಿ ಹಿಡಿದು ನಿಂತಿದ್ದಳು. ಅದನ್ನು ಬರೆದವಳು ಅವಳೇ. ಎಲ್ಲಿ ನಿಲ್ಲಬೇಕು, ಎಲ್ಲಿ ನಗಬೇಕು ಎಂಬುದೂ ಅದರಲ್ಲಿತ್ತು.

ಯಜಮಾನರು ಬಂದರು. ಕಂಪನಿ ಕಟ್ಟಿದವರು, ನರೆತ ಗಡ್ಡ, ಕೆಲಸಗಾರರದೇ ಅಂಗಿ. ದನಿ ಮಾತ್ರ ತುಪ್ಪ.

"ಇವತ್ತು ನಾವು ಬಣ್ಣ ಬದಲಾಯಿಸ್ತಾ ಇಲ್ಲ. ನಾವು ಯಾರು ಅಂತ ನೆನಪು ಮಾಡ್ಕೋತಾ ಇದೀವಿ. ಬಾಡಿಗೆ ಶೆಡ್ಡು, ಒಂದು ಕೈಪ್ರೆಸ್ಸು. ಮೊದಲನೇ ಡಬ್ಬಿ ಈ ಕೈಯಲ್ಲೇ ಆಗಿದ್ದು." ಕೈ ಎತ್ತಿ ತೋರಿಸಿದರು. "ಹಳೇ ಗುರುತು ಸೂರ್ಯ. ಸೂರ್ಯ ಎಲ್ಲರಿಗೂ ಸಿಗ್ತಾನೆ. ಕೈ? ಕೈ ನಮ್ಮದು. ಅದಕ್ಕೇ ನಮ್ಮ ಮೌಲ್ಯಗಳು ಮೂರು. ಕೈ ಜೋಡಿಸೋದು. ಕೈ ಹಿಡಿಯೋದು. ಕೈ ಬಿಡದೇ ಇರೋದು."

"ಕೈ ಕೊಡೋದು ಬಿಟ್ಟೋಯ್ತು," ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ಒಂದಿಬ್ಬರು ಮೂಗಿನಲ್ಲೇ ನಕ್ಕರು.

ಪರದೆ ಸರಿಯಿತು. ಗೋಡೆಯುದ್ದಕ್ಕೂ ಕಡುನೀಲಿ, ನಡುವೆ ಬಿಳಿಯ ಅಂಗೈ. ಚಂದವಾಗಿತ್ತು. ಹೆಬ್ಬೆರಳು, ಮತ್ತೆ ಮೂರು ಬೆರಳು.

ಚಪ್ಪಾಳೆ ಶುರುವಾಗಿ ಅರ್ಧಕ್ಕೇ ನಿಂತಿತು.

ಆ ಚಿತ್ರ ಬರೆದವನನ್ನು ಕೇಳಿದ್ದರೆ ಕಾರಣ ಹೇಳುತ್ತಿದ್ದ. ಮುಚ್ಚಳದ ಮೇಲೆ ಉಗುರಿನಷ್ಟಗಲಕ್ಕೆ ಒತ್ತುವಾಗ ಐದು ಬೆರಳಿಟ್ಟರೆ ನಡುವಿನ ಸಂದು ಮುಚ್ಚಿ ಕೈ ಹೋಗಿ ಎಲೆಕೋಸಾಗುತ್ತದೆ, ನಾಲ್ಕಿದ್ದರೆ ಸ್ಪಷ್ಟ. ಅಂಗಡಿಗಳಲ್ಲಿ ಗಿರಾಕಿಗಳಿಗೆ ತೋರಿಸಿ ನೋಡಿದ್ದರು. ಯಾರೂ ಬೆರಳು ಎಣಿಸಿರಲಿಲ್ಲ. ಈ ಶೆಡ್ಡಿನವರಿಗೆ ಮಾತ್ರ, ಗುಟ್ಟು ಬಿಟ್ಟುಕೊಡಬಾರದೆಂದು, ತೋರಿಸಿರಲಿಲ್ಲ. ಬೆರಳು ಎಣಿಸುವ ಅಭ್ಯಾಸವಿದ್ದುದು ಈ ಶೆಡ್ಡಿನವರಿಗೆ.

"ಅಯ್ಯೋ, ಮುಚ್ಚಳದಕ್ಕನ ಕೈ ಕಣ್ರೋ!"

ಯಾರ ಬಾಯಿಂದ ಬಂತೋ, ನಗು ಸಾಲಿನಿಂದ ಸಾಲಿಗೆ ಹಬ್ಬಿತು. ತಡೆದುಕೊಳ್ಳಲು ಹೋದವರು ಇನ್ನೂ ಜೋರಾಗಿ ನಕ್ಕರು. "ಅಕ್ಕಾ, ನಿನ್ನ ಫೋಟೋ ಹಾಕಿದಾರೆ, ದುಡ್ಡು ಕೇಳು!" ಮೇಸ್ತ್ರಿಯಂತೂ ಮೊಣಕಾಲಿಗೆ ಹೊಡೆದುಕೊಂಡು ನಕ್ಕ. ರೇಡಿಯೋ ಅಕ್ಕನ ತೋಳು ಹಿಡಿದು, ತುಟಿ ಕಚ್ಚಿ, ಕೊನೆಗೆ ಅವಳೂ ನಗುತ್ತ ಅಲುಗಾಡಿದಳು. ಆ ನಡುಕ ಜೇಬಿನೊಳಗಿನ ಕೈಗೂ ತಲುಪಿತು.

ಯಜಮಾನರಿಗೆ ಅರ್ಥವಾಗಲಿಲ್ಲ. ಮೇಸ್ತ್ರಿಯನ್ನು ಬೆರಳಲ್ಲಿ ಕರೆದರು. ಅವನು ಕಿವಿಯಲ್ಲಿ ಉಸುರಿದ. ಯಜಮಾನರ ಮುಖ ಮೊದಲು ಬಿಗಿದು, ಆಮೇಲೆ ಒಮ್ಮೆಲೇ ಅರಳಿತು. ಪ್ರಚಾರದ ಮೇಡಂ ಪ್ರತಿಯನ್ನು ಎತ್ತಿ ಬೀಸಿದಳು. ಅವರು ಅತ್ತ ನೋಡಲೇ ಇಲ್ಲ.

"ನಗಬೇಡಿ," ಎಂದರು. ನಗು ನಿಂತಿತು. "ಇದು ತಪ್ಪಲ್ಲ. ನಾನು ಬೇಕಂತಲೇ ಹೀಗೆ ಮಾಡಿಸಿದ್ದು. ಬಾಮ್ಮ, ಮೇಲೆ ಬಾ. ಹೆದರ್ಕೋಬೇಡ, ನಿಮ್ಮಣ್ಣ ಅನ್ಕೋ."

ರೇಡಿಯೋ ಅವಳನ್ನು ಎಬ್ಬಿಸಿದಳು. "ಹೋಗಕ್ಕಾ, ಕರೀತಾ ಇದಾರೆ."

ವೇದಿಕೆಯ ಮೇಲೆ ಯಜಮಾನರು ಅವಳ ಎಡಗೈಯನ್ನು ಜೇಬಿನಿಂದ ತಾವೇ ಎಳೆದು, ಮಣಿಕಟ್ಟು ಹಿಡಿದು, ಗೋಡೆಯ ಕೈಯ ಪಕ್ಕಕ್ಕೆ ಎತ್ತಿ ಹಿಡಿದರು. ದೀಪ ಕಣ್ಣಿಗೆ ಹೊಡೆಯಿತು.

"ನೋಡಿ! ನಮ್ಮ ಪ್ರೆಸ್ಸಿಗೆ ಬೆರಳು ಕೊಟ್ಟವಳು ಇವಳು. ನಮ್ಮ ಮುಚ್ಚಳ ಒತ್ತುತ್ತಾ ಕೊಟ್ಟಳು. ಗಾಯ ಮಾಯೋದಕ್ಕೆ ಮುಂಚೆ ವಾಪಸ್ ಬಂದಳು. ಕೈ ಬಿಡದೇ ಇರೋದು ಅಂದ್ರೆ ಇದು! ಈ ಗುರುತು ಇವಳದು. ನಗು, ತಾಯಿ, ಕ್ಯಾಮೆರಾ ನೋಡು."

ಶೆಡ್ಡು ಎದ್ದು ನಿಂತು ಚಪ್ಪಾಳೆ ತಟ್ಟಿತು.

ಅವಳು ನಕ್ಕಳು. ಅವರು ಹೇಳಿದ್ದಕ್ಕಲ್ಲ. ಇಷ್ಟು ದಿನ ಯಾರ ಬಾಯಲ್ಲೂ ಬಾರದ ಮಾತು, ಇಷ್ಟು ಜನರ ಕಿವಿಯ ಮೇಲೆ, ಒಡೆಯನ ಬಾಯಿಂದಲೇ ಬಿದ್ದಿತ್ತು. 'ನಮ್ಮ ಪ್ರೆಸ್ಸಿಗೆ' ಎಂದಿದ್ದರು. ದೇವರು ಕಲ್ಲಿನ ಬಾಯಲ್ಲೂ ಮಾತಾಡಿಸುತ್ತಾನೆ ಎಂದು ಅವಳ ಅಜ್ಜಿ ಹೇಳುತ್ತಿದ್ದಳು.

ಕೆಳಗಿಳಿದಾಗ ರೇಡಿಯೋ ಅವಳನ್ನು ತಬ್ಬಿಕೊಂಡಳು. "ಕೇಳಿದ್ಯೇನಕ್ಕಾ? ಅವರೇ ಹೇಳಿದ್ರಲ್ಲ! ಎಲ್ಲಾರ ಎದುರಿಗೆ! ಇನ್ನು ಬಾಗಿಲೂ ಇಲ್ಲ, ಕಿಟಕಿನೂ ಇಲ್ಲ. ಸಂಜೆ ಒಳಗೆ ಊರಿಗೆಲ್ಲ ಹೇಳ್ತೀನಿ ನೋಡು."

"ಕಚೇರೀಲಿ ಹೇಳ್ತೀಯಾ?"

"ಈಗೇನು ಹೆದರಿಕೆ? ನಾನು ನೋಡಿದ್ದು ಅಂತ ಹೇಳಬೇಕಾಗಿಲ್ಲವಲ್ಲ. ಅವರು ಹೇಳಿದ್ದು ಕೇಳಿದೆ ಅಂದ್ರೆ ಆಯ್ತು. ಬರ್ತೀನಿ ಬಿಡು."

ಮುಂದಿನ ಮೂರು ದಿನ ಅವಳು ಹೊಸ ಸ್ಟಿಕ್ಕರ್ ಅಂಟಿಸಿದಳು. ಡಬ್ಬಿಯಿಂದ ಡಬ್ಬಿಗೆ ತನ್ನ ಕೈ. ಹೋಗುವವರು ಬರುವವರು ನಾಲ್ಕು ಬೆರಳೆತ್ತಿ ಅವಳಿಗೆ ಸಲಾಮು ಹೊಡೆಯುತ್ತಿದ್ದರು. ಅವಳು ತಿರುಗಿ ನಾಲ್ಕೆತ್ತುತ್ತಿದ್ದಳು. ಕೈ ಜೇಬಿನಿಂದ ಹೊರಗೆ ಬಂದಿತ್ತು.

ನಾಲ್ಕನೆಯ ದಿನ ಸಮಾರಂಭದ ವಿಡಿಯೋ ಚಿತ್ರ ಬಂತು. ಊಟದ ಕೋಣೆಯಲ್ಲಿ ಹಾಕಿದರು. ಯಜಮಾನರು, ಪರದೆ, ಅಂಗೈ. ಶೆಡ್ಡಿನವರ ನಗು ಅದರಲ್ಲಿ ಇರಲಿಲ್ಲ. ಅವಳು ವೇದಿಕೆಯ ಮೇಲಿದ್ದಳು, ಕೈ ಎತ್ತಿ, ನಗುತ್ತ. ಯಜಮಾನರ ತುಟಿ ಅಲುಗುತ್ತಿತ್ತು. ಮಾತಿನ ಬದಲು ಪಿಟೀಲು ಕೇಳುತ್ತಿತ್ತು. ಪಿಟೀಲು ಮುಗಿದ ಮೇಲೆ ದನಿ ಬಂತು: "...ಕೈ ಬಿಡದೇ ಇರೋದು ಅಂದ್ರೆ ಇದು! ಈ ಗುರುತು ಇವಳದು."

ಅವಳು ಸುತ್ತ ನೋಡಿದಳು. ಎಲ್ಲರೂ ತಟ್ಟೆ ನೋಡುತ್ತಿದ್ದರು. ಅಂದು ಬೆಳಿಗ್ಗೆಯೇ ಮೇಸ್ತ್ರಿ ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿದ್ದ. ರೇಡಿಯೋಗೆ ಹೊಸ ಅಂಗಿಯ ಮೇಲೆ ಲೈನಿನ ಮುಖ್ಯಸ್ಥೆಯ ಪಟ್ಟಿ ಬಂದಿತ್ತು.

ವಿಚಾರಣೆ ನಡೆದ ಕಾರ್ಮಿಕ ಕಚೇರಿಯ ಕೋಣೆ ಕಿರಿದು. ಫ್ಯಾನು ತಿರುಗಿದರೆ ಕಾಗದ ಹಾರುತ್ತಿತ್ತು. ಅಧಿಕಾರಿ ಅವಸರದಲ್ಲಿದ್ದರು. ಅವಳು ನಡೆದುದನ್ನು ಹೇಳಿದಳು, ಯಜಮಾನರ ಮಾತನ್ನು ಕಂಠಪಾಠದಂತೆ ಒಪ್ಪಿಸಿದಳು. ಪ್ರಚಾರದ ಮೇಡಂ ಭಾಷಣದ ಪ್ರತಿಯನ್ನು ಮುಂದಿಟ್ಟಳು. ಅದರಲ್ಲಿ ಆ ಮಾತಿರಲಿಲ್ಲ. ಬರೆಯದ ಮಾತು ಇರುವುದಾದರೂ ಹೇಗೆ? ವಕೀಲ ಚಿತ್ರ ತೋರಿಸಿದ.

"ನೀವೇ ನಗ್ತಾ ನಿಂತಿದೀರಲ್ಲಮ್ಮ," ಎಂದರು ಅಧಿಕಾರಿ. "ಅನ್ಯಾಯ ಆದವರು ಹೀಗೆ ನಗ್ತಾರಾ?"

"ಸತ್ಯ ಹೇಳಿದ್ರು ಅಂತ ನಕ್ಕೆ ಸಾರ್."

"ಬೇರೆ ಯಾರು ಕೇಳಿದಾರೆ?"

"ಇವಳು. ಅಲ್ಲೇ ಕೆಳಗೆ ಕೂತಿದ್ಲು." ಅವಳು ಕೈ ಮುಂದೆ ಮಾಡಿದಳು. ಎಡಗೈ, ತೋರಲು ಬೆರಳಿಲ್ಲದೆ ಇಡೀ ಅಂಗೈ ರೇಡಿಯೋ ಕಡೆಗೆ ಚಾಚಿಕೊಂಡಿತು.

ರೇಡಿಯೋ ಎದ್ದಳು. ಎದೆಯ ಪಟ್ಟಿಯನ್ನು ಸರಿಮಾಡಿಕೊಂಡಳು. ನೆಲ ನೋಡಿದಳು.

"ಚಪ್ಪಾಳೆ ಜೋರಿತ್ತು ಸಾರ್. ಏನಂದ್ರೋ, ನಂಗೆ ಸರಿಯಾಗಿ ಕೇಳಿಸ್ಲಿಲ್ಲ."

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ಮನೆಯ ಬಾಗಿಲು ಗೆದ್ದಿತು. ವಕೀಲ ಜಗುಲಿಯಲ್ಲೇ ಅವಳ ಹಳೆಯ ಗುರುತಿನ ಚೀಟಿ ಇಸಿದುಕೊಂಡ. ಹೊಸದನ್ನು ಅವಳಿಗೆ ಕೊಟ್ಟಿರಲೇ ಇಲ್ಲ.

ಬಸ್ಸು ತಡವಾಗಿತ್ತು. ನಿಲ್ದಾಣದ ಕಲ್ಲುಬೆಂಚಿನ ಒಂದು ತುದಿಯಲ್ಲಿ ಅವಳು ಕೂತಳು. ಸ್ವಲ್ಪ ಹೊತ್ತಿಗೆ ರೇಡಿಯೋ ಬಂದು ಇನ್ನೊಂದು ತುದಿಯಲ್ಲಿ ಕೂತಳು. ಬೇರೆ ಬಸ್ಸಿರಲಿಲ್ಲ.

"ಅಕ್ಕಾ, ಬಯ್ಯಿ. ಎರಡು ಬಾರಿಸು ಬೇಕಾದ್ರೆ. ಹೀಗೆ ಸುಮ್ಮನೆ ಕೂರಬೇಡ."

ಅಕ್ಕ ಚೀಲದಿಂದ ಊಟದ ಡಬ್ಬಿ ತೆಗೆದಳು. ಸಮಾರಂಭದ ದಿನ ಎಲ್ಲರಿಗೂ ಹಂಚಿದ್ದ ಹೊಸ ಡಬ್ಬಿ. ಮುಚ್ಚಳದ ನಡುವೆ ಉಗುರಿನಷ್ಟಗಲದ ಅಂಗೈ, ನಾಲ್ಕು ಬೆರಳೂ ಸ್ಪಷ್ಟ. ಮುಚ್ಚಳ ಬಿಗಿಯಾಗಿತ್ತು. ಎಡಗೈಗೆ ಹಿಡಿತ ಸಿಗದೆ ಡಬ್ಬಿ ತಿರುಗಿ ತಿರುಗಿ ಜಾರುತ್ತಿತ್ತು.

"ಕೊಡಿಲ್ಲಿ, ನಾನು ತೆಗೀತೀನಿ," ಎಂದು ರೇಡಿಯೋ ಹತ್ತಿರ ಸರಿದು ಕೈ ಚಾಚಿದಳು.

ಅಕ್ಕ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆ ಕೈ ಅಲ್ಲೇ ಗಾಳಿಯಲ್ಲಿ ಉಳಿಯಿತು.

"ಏನಂದೆ?" ಎಂದಳು ಅಕ್ಕ, ರಸ್ತೆಯನ್ನೇ ನೋಡುತ್ತ. "ನಂಗೆ ಸರಿಯಾಗಿ ಕೇಳಿಸ್ಲಿಲ್ಲ."

ಬಸ್ಸು ಬರುವವರೆಗೂ ಡಬ್ಬಿ ಮುಚ್ಚಿಯೇ ಇತ್ತು.