ಒಣಗಿದ ಬಾಯಿ

ದಿನಾ ಸಂಜೆ ಗುಂಡು ಹಾಕುವ ಭಾವ ಕೊನೆಗೂ ನಾದಿನಿಯ ಕ್ಲಿನಿಕ್ಕಿಗೆ ಬಂದು ಕುರ್ಚಿಯಲ್ಲಿ ಒರಗಿದರು. ಮುಂದಿನ ಹಲ್ಲು ಅಲುಗಾಡುತ್ತಿತ್ತು. ತಪ್ಪೆಲ್ಲ ಟೂತ್‌ಪೇಸ್ಟಿನದು ಎಂದು ದಾರಿಯುದ್ದಕ್ಕೂ ಜೊತೆಗಿದ್ದ ಹೆಂಡತಿಗೆ ಹೇಳಿಕೊಂಡೇ ಬಂದಿದ್ದರು. ಅವರ ಠೀವಿ ಕಂಡರೇ ದಂತವೈದ್ಯೆಯಾದ ಆ ನಾದಿನಿಗೆ ಮೈ ಉರಿಯುತ್ತಿತ್ತು.

"ನನ್ನ ಬಾಯಲ್ಲಿ ಒಂದು ಕ್ರಿಮಿನೂ ಉಳಿಯಲ್ಲ ಕಣಮ್ಮ. ವಿಸ್ಕಿ ಎಲ್ಲಾನೂ ಸಾಯಿಸುತ್ತೆ."

ಅವಳು ಪುಟ್ಟ ಕನ್ನಡಿಯನ್ನು ಕೆನ್ನೆಯ ಒಳಬದಿಗೆ ತಾಗಿಸಿದಳು. ಒದ್ದೆ ಬಾಯಲ್ಲಿ ಜಾರಬೇಕಾದ ಕನ್ನಡಿ ಅಲ್ಲೇ ಅಂಟಿಕೊಂಡಿತು. ಊದಿದ ಒಸಡು ಮುಟ್ಟಿದರೆ ರಕ್ತ. ಇಡೀ ಬೀದಿಗೆ ಬುದ್ಧಿ ಹೇಳುವ ಬಾಯಿಯೊಳಗೆ ಎಂಜಲಿಗೂ ಬರ.

"ಕ್ರಿಮಿ ಸತ್ತಿಲ್ಲ ಭಾವ, ಜೊಲ್ಲು ಒಣಗಿದೆ. ಕುಡಿತದ ಕೆಲಸ ಅದು. ಬಾಯಲ್ಲಿರೋ ಹುಳಿ ತೊಳೆದು ಹಲ್ಲು ಕಾಯೋದೇ ಜೊಲ್ಲು. ಅದು ಕಮ್ಮಿಯಾದ್ರೆ ಕ್ರಿಮಿಗಳದ್ದೇ ರಾಜ್ಯ. ಅದರ ಮೇಲೆ ನೀವು ವಿಸ್ಕಿಗೆ ಬೆರೆಸೋ ಸಿಹಿ ಕೋಲಾ ಬೇರೆ, ಹಲ್ಲುಜ್ಜದೆ ಮಲಗೋದು ಬೇರೆ. ಎಕ್ಸ್‌ರೇ ನೋಡಿ, ಹಲ್ಲು ಹಿಡಿದಿರೋ ಮೂಳೆನೇ ಕರಗಿದೆ."

"ನಿಮ್ಮಕ್ಕನ ಅಡುಗೆ ಖಾರ ಜಾಸ್ತಿ, ಅದಕ್ಕೇ ಹೀಗೆ."

ಮೂಲೆಯಲ್ಲಿ ಕುಳಿತಿದ್ದ ಅಕ್ಕ ತಲೆ ಎತ್ತದೆ, "ಕಿತ್ತುಬಿಡೇ," ಎಂದಳು.

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಎಳೆದರೆ ಹಲ್ಲು ಸಲೀಸಾಗಿ ಕೈಗೆ ಬಂತು.

"ಗಾಯ ಮಾಗೋವರೆಗೂ ಬಾಟಲಿ ಮುಟ್ಟಬೇಡಿ. ಮುಟ್ಟಿದ್ರೆ ರಕ್ತ ನಿಲ್ಲಲ್ಲ."

"ನೋವಿಗೆ ಅದೇ ಅಲ್ವಾ ಮದ್ದು?" ಎಂದರು ಭಾವ, ಹತ್ತಿ ಕಚ್ಚಿಕೊಂಡೇ.

ಅಕ್ಕ ಕಾರಿನ ಕೀಲಿ ತೆಗೆದುಕೊಂಡು ಗಂಡನನ್ನು ಅಲ್ಲೇ ಬಿಟ್ಟು ಹೊರಟುಹೋದಳು. ಭಾವ ನಾದಿನಿಯ ಮುಖ ನೋಡಿದರು. ಅವಳಿಗೆ ಅಯ್ಯೋ ಅನ್ನಿಸಲೂ ಇಲ್ಲ.

"ಎದ್ದೇಳಿ ಭಾವ, ಹೊರಗೆ ಇನ್ನೊಬ್ರು ಕಾಯ್ತಿದ್ದಾರೆ."