ಹದಿನಾಲ್ಕನೆಯ ದೋಷ

ಸುಟ್ಟ ರಬ್ಬರಿನ ವಾಸನೆ ಹೊಸ ಇಂಜಿನಿಯರ್ ಹುಡುಗಿಗೆ ಚಿಕ್ಕಂದಿನಿಂದ ಅಪ್ಪನ ಪಂಕ್ಚರ್ ಅಂಗಡಿಯ ವಾಸನೆ. ಇಂದು ಅದು ಗೋದಾಮಿನ ರೋಬೋಟಿನ ಚಕ್ರದಿಂದ ಬಂದಿತ್ತು. ಅವಳು ರೀಸ್ಟಾರ್ಟ್ ಮಾಡಿದ್ದೇ ತಡ, ಅದು ಪೂರ್ಣ ವೇಗದಲ್ಲಿ ನುಗ್ಗಿ, ಬ್ರೇಕ್ ಹಾಕಿದರೂ ಜಾರಿ, ಪ್ಯಾಕಿಂಗ್ ಮಾಡುತ್ತಿದ್ದ ಹೆಂಗಸಿನ ಪಾದ ಜಜ್ಜಿತ್ತು.

ಅವಳಿಗಿಂತ ಮೊದಲು ಅದೇ ಜಾಗದಲ್ಲಿದ್ದು ಕೆಲಸ ಬಿಟ್ಟುಹೋದ ಇಂಜಿನಿಯರ್ ಫೋನಿನಲ್ಲಿ ಹೌಹಾರಿದ. "ರೀಸ್ಟಾರ್ಟ್ ಆದ್ರೆ ಪ್ಯಾಕಿಂಗ್ ಜಾಗದ ವೇಗದ ಮಿತಿ ಅಳಿಸಿಹೋಗುತ್ತೆ, ಮತ್ತೆ ಹಾಕ್ಬೇಕು ಅಂತ ಬರ್ದಿದ್ನಲ್ಲಮ್ಮ, ಹದಿನಾಲ್ಕನೇ ದೋಷ!"

ಅವನು ಬರೆದಿಟ್ಟು ಹೋಗಿ, ಕಂಪನಿ ಅವಳಿಗೆ ಕೊಟ್ಟಿದ್ದ ಹಸ್ತಾಂತರ ಪತ್ರದಲ್ಲಿದ್ದದ್ದು ಹದಿಮೂರೇ ದೋಷ.

"ಗ್ರಾಹಕರು ಓದೋ ಕಾಗದದಲ್ಲಿ ನಮ್ಮ ಮಾನ ಹರಾಜು ಹಾಕೋದಾ? ನಾನೇ ತೆಗೆಸ್ದೆ," ಎಂದು ಮ್ಯಾನೇಜರ್ ನಕ್ಕ. "ಗುಂಡಿ ಒತ್ತಿದ್ದು ನಿನ್ನ ಕೈ ತಾನೇ, ತಾಯಿ? ನಾಳೆಯಿಂದ ಬರ್ಬೇಡ."

ಅವಳು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಳು. ಅಲ್ಲೇ ಪ್ಯಾಕಿಂಗ್ ಮಾಡುವ, ಮ್ಯಾನೇಜರನ ಮಾತು ಕೇಳಿಸಿಕೊಂಡಿದ್ದ ಗಾಯಾಳುವಿನ ತಂಗಿ ಬಂದು, ಆಸ್ಪತ್ರೆಗೆ ಹೋದ ಅಕ್ಕ ಮುಟ್ಟದ ಊಟದ ಡಬ್ಬಿಯನ್ನು ತೆರೆದು ಅವಳ ಕೈಗಿಟ್ಟಳು.