ಕೆಂಪು ಸುತ್ತು ಹಾಕಿದ ತೂಕ

ಹೃದಯದ ವಾರ್ಡಿನ ಹಿರಿಯ ನರ್ಸನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಹನ್ನೊಂದನೇ ಹಾಸಿಗೆಯ ಬಡಗಿ ಎರಡೇ ತಿಂಗಳಲ್ಲಿ ಎರಡನೇ ಸಲ ಮನೆಗೆ ಹೊರಟಿದ್ದ. ಡಿಸ್ಚಾರ್ಜ್ ಕಾಗದದಲ್ಲಿ ಈ ಸಲವೂ ಅದೇ ಸಾಲು: ‘ಪ್ರತಿದಿನ ತೂಕದ ಮೇಲ್ವಿಚಾರಣೆ, ಮೂರು ದಿನಗಳಲ್ಲಿ ಎರಡು ಕಿಲೋ ಅಥವಾ ಅಧಿಕ ಏರಿಕೆಯಾದಲ್ಲಿ ಮರುಪರಿಶೀಲನೆ.’

ಅರ್ಥವಾಯಿತೇ ಎಂದು ದೊಡ್ಡಕ್ಕ ಯಾರನ್ನೂ ಕೇಳುತ್ತಿರಲಿಲ್ಲ. ಕೇಳಿದರೆ ಎಲ್ಲರೂ ಹೂಂಗುಟ್ಟುತ್ತಾರೆ. ಮನೆಗೆ ಹೋಗಿ ಏನು ಮಾಡುತ್ತೀರಿ, ಹೇಳಿ ಎನ್ನುತ್ತಿದ್ದಳು. ಹೋದ ಸಲ ಅವಳು ರಜೆಯಲ್ಲಿದ್ದಳು.

ಬಡಗಿಯ ಹೆಂಡತಿ ಉತ್ತರವಾಗಿ ಚೀಲದಿಂದ ಒಂದು ನೋಟ್‌ಬುಕ್ಕು ತೆಗೆದಳು. ಒಂದು ದಿನವೂ ತಪ್ಪಿಸದೆ ತೂಕ ಬರೆದಿದ್ದಳು. ಕೊನೆಯ ನಾಲ್ಕು ದಿನದ್ದು: ಐವತ್ತೆಂಟು, ಐವತ್ತೊಂಬತ್ತು, ಅರವತ್ತು, ಅರವತ್ತೊಂದು. ಕೊನೆಯದರ ಸುತ್ತ ಕೆಂಪು ಪೆನ್ನಿನ ಸುತ್ತು.

“ಮೂರೇ ದಿನಕ್ಕೆ ಇವರಿಗೆ ಮೂರು ಕಿಲೋ ಮೈ ಹತ್ತಿತ್ತು, ಸಿಸ್ಟರ್. ತಿಂಗಳ ಚೆಕಪ್ಪಿಗೆ ಬಂದಾಗ ಡಾಕ್ಟ್ರಿಗೆ ತೋರ್ಸಿ ಭೇಷ್ ಅನ್ನಿಸ್ಕೊಳ್ಳೋಣ ಅಂತಿದ್ದೆ. ಯಾರ ಕಣ್ಣು ಬಿತ್ತೋ, ಆವತ್ತೇ ಸಂಜೆ ಉಸಿರು ಕಟ್ತು.”

ದೊಡ್ಡಕ್ಕ ನೋಟ್‌ಬುಕ್ಕು ಹಿಡಿದು ಡಾಕ್ಟರ ಬಳಿ ಹೋಗಿ, ಕಾಗದದ ಆ ಸಾಲು ಬದಲಿಸಬೇಕು ಎಂದಳು. ಸಾಲಿನಲ್ಲಿ ತಪ್ಪೇನಿದೆ ಎಂದು ಅವರು ಕೇಳಿದರು. ಅವಳು ಆ ಕೆಂಪು ಸುತ್ತಿನ ಮೇಲೆ ಬೆರಳಿಟ್ಟು, ಇದು ನಿಮ್ಮಿಂದ ಭೇಷ್ ಅನ್ನಿಸಿಕೊಳ್ಳಲು ಹಾಕಿದ್ದು ಎಂದಳು. ಅವರು ಹಿಂದಿನ ಮೂರು ದಿನದ ತೂಕವನ್ನೂ ಓದಿದರು. ಕೊನೆಗೆ, ನೀವೇ ಬರೀರಿ, ಸಹಿ ಮಾಡ್ತೀನಿ ಎಂದರು.

ದೊಡ್ಡಕ್ಕ ಬರೆದು, ಸಹಿ ಹಾಕಿಸಿ, ಮರಳಿ ಬಂದು ಓದಿ ಹೇಳಿದಳು: ‘ದಿನಾ ಬೆಳಗ್ಗೆ ಯಜಮಾನರು ಮೂತ್ರಕ್ಕೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮೊದಲು ತೂಕ ನೋಡಿ ಬರೆಯಿರಿ. ಮೂರು ದಿನದೊಳಗೆ ಎರಡು ಕಿಲೋ ಏರಿದರೆ ಅದು ಮೈ ಹತ್ತಿದ್ದಲ್ಲ, ಮೈಯಲ್ಲಿ ನೀರು ನಿಂತದ್ದು. ಚೆನ್ನಾಗಿದ್ದೇನೆ ಎಂದು ಅವರು ಹೇಳಿದರೂ ಅಂದೇ ವಾರ್ಡಿಗೆ ಫೋನ್ ಮಾಡಿ. ಉಸಿರು ಕಟ್ಟಿದರೆ ಫೋನಿಗೂ ನಿಲ್ಲದೆ ಬನ್ನಿ.’

“ನೆನೆದ ಹಲಗೆ ಊದ್ಕೊಳ್ತದಲ್ಲ, ಹಂಗೆ ಕಣೇ,” ಎಂದ ಬಡಗಿ. “ದಪ್ಪ ಆಯ್ತು ಅಂತ ಬಾಗಿಲು ಗಟ್ಟಿಯಾಗಲ್ಲ.”

ಹೆಂಡತಿ ನಗಲಿಲ್ಲ. “ಹಂಗಾದ್ರೆ ನಾನು ಖುಷಿಪಟ್ಟಿದ್ದು…”

“ನೀವು ಬರೆದದ್ದರಲ್ಲಿ ಒಂದು ತಪ್ಪೂ ಇಲ್ಲಮ್ಮ,” ಎಂದಳು ದೊಡ್ಡಕ್ಕ. “ತಪ್ಪಿದ್ದು ನಮ್ಮ ಸಾಲಲ್ಲಿ. ಈಗ ನೀವು ಹೇಳಿ, ಎರಡು ಕಿಲೋ ಏರಿದ್ರೆ?”

“ಖುಷಿಪಡಲ್ಲ. ಫೋನ್ ಮಾಡ್ತೀನಿ.” ಸೆರಗಿನಿಂದ ಕಣ್ಣೊರೆಸಿಕೊಂಡು ಎಲ್ಲವನ್ನೂ ಮೊದಲಿಂದ ಒಪ್ಪಿಸಿದಳು.

ಅವರು ಮನೆಗೆ ಹೋದ ಹತ್ತೊಂಬತ್ತನೇ ದಿನ ಬೆಳಗ್ಗೆ ವಾರ್ಡಿನ ಫೋನು ಬಡಿದುಕೊಂಡಿತು. ಹಿಂದಿನಿಂದ ಗಂಡಸಿನ ಗೊಣಗಾಟ ಕೇಳುತ್ತಿತ್ತು: ಏನೂ ಆಗಿಲ್ಲ, ಸುಮ್ನೆ ಇವಳ ರಗಳೆ.

“ಮೊನ್ನೆ ಐವತ್ತೇಳಿತ್ತು, ಇವತ್ತು ಐವತ್ತೊಂಬತ್ತು,” ಎಂದಳು ಬಡಗಿಯ ಹೆಂಡತಿ. “ಕರ್ಕೊಂಡು ಬರ್ಲಾ?”

ಡಾಕ್ಟರು ಬರಹೇಳಿದರು, ಪರೀಕ್ಷಿಸಿ, ಮೈಯ ನೀರು ಇಳಿಸುವ ಮಾತ್ರೆ ಹೆಚ್ಚಿಸಿದರು. ಈ ಸಲ ಬಡಗಿ ಸ್ಟ್ರೆಚರಿನ ಮೇಲೆ ಬಂದಿರಲಿಲ್ಲ. ಹೆಂಡತಿಯನ್ನು ಬೈಯುತ್ತಾ, ನಡೆದುಕೊಂಡೇ ಬಂದಿದ್ದ.